ಚುಕ್ಕಿ ಇಟ್ಟರೆ ಉತ್ತರ ಬದಲು

ಪ್ರಶ್ನೆಪತ್ರಿಕೆ ತಯಾರಿಸಲು ಕೂತ ಜೀವಶಾಸ್ತ್ರದ ಮೇಷ್ಟ್ರ ಮುಂದೆ ಮೊದಲು ಇರುವುದು ನೀಲನಕ್ಷೆ. ಯಾವ ಪಾಠಕ್ಕೆ ಎಷ್ಟು ಅಂಕ, ಅದರಲ್ಲಿ ನೆನಪಿನಿಂದ ಬರೆಯುವುದೆಷ್ಟು, ಯೋಚಿಸಿ ಬರೆಯುವುದೆಷ್ಟು, ಚಿತ್ರ ನೋಡಿ ಉತ್ತರಿಸುವುದೆಷ್ಟು ಎಂದು ಅಲ್ಲಿ ಮೊದಲೇ ಗೊತ್ತುಮಾಡಿರುತ್ತದೆ. ತೊಂದರೆ ಬರುವುದು ಚಿತ್ರದ ಅಂಕಗಳು ಚಿತ್ರವೇ ಇಲ್ಲದ ಪಾಠಭಾಗದ ಪಾಲಿಗೆ ಬಿದ್ದಾಗ. ಪುಟ ತಿರುವಿದರೆ ಬರೀ ಅಕ್ಷರ. ಆಗ ಎರಡೇ ದಾರಿ: ತಾವೇ ಪೆನ್ಸಿಲ್ ಹಿಡಿದು ಒಂದು ಚಿತ್ರ ಬರೆಯಬೇಕು, ಇಲ್ಲವೇ "ಚಿತ್ರದಲ್ಲಿ ಹೀಗಿದೆ" ಎಂದು ಮಾತಿನಲ್ಲೇ ಕಟ್ಟಿಕೊಡಬೇಕು.

ಬಹಳ ಜನ ಇದನ್ನು ಚಿತ್ರ ಬರೆಯುವ ಕೈಚಳಕದ ವಿಷಯ ಎಂದುಕೊಳ್ಳುತ್ತಾರೆ. ಕೈ ಸೊಟ್ಟಗಿದ್ದರೂ ಈ ಕೆಲಸ ನಡೆಯುತ್ತದೆ; ಲೆಕ್ಕ ಸೊಟ್ಟಗಾದರೆ ನಡೆಯುವುದಿಲ್ಲ. ಪಾಠದಲ್ಲಿರುವ ಚಿತ್ರವನ್ನು ಹಿಂದೆ ಯಾರೋ ನೋಡಿ ತಿದ್ದಿರುತ್ತಾರೆ. ನಾವೇ ಬರೆದ ಚಿತ್ರಕ್ಕೆ ಆ ಭರವಸೆ ಇಲ್ಲ. ಅದರಲ್ಲಿನ ಪ್ರತಿ ಗೆರೆಯೂ ವಿದ್ಯಾರ್ಥಿಗೆ ಒಂದು ಹೇಳಿಕೆ. ಅಂದಕ್ಕೆಂದು ಸೇರಿಸಿದ ಗುರುತೂ ಹೇಳಿಕೆಯೇ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಬೆನ್ನುಹತ್ತೋಣ. ಪಾಠದಲ್ಲಿ ಹೀಗೊಂದು ಭಾಗವಿದೆ ಎಂದಿಟ್ಟುಕೊಳ್ಳಿ: ಕೆಂಪು-ಹಸಿರು ವರ್ಣಾಂಧತೆಗೆ ಕಾರಣವಾದ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ, ಅದು ಅಪ್ರಬಲ. ಗಂಡಸಿಗೆ ಎಕ್ಸ್ ಇರುವುದು ಒಂದೇ ಆದ್ದರಿಂದ ಅದರಲ್ಲಿ ದೋಷವಿದ್ದರೆ ಅವನು ವರ್ಣಾಂಧ. ಹೆಂಗಸಿಗೆ ಎರಡು ಎಕ್ಸ್ ಇವೆ; ಒಂದರಲ್ಲಿ ಮಾತ್ರ ದೋಷವಿದ್ದರೆ ಅವಳಿಗೆ ಬಣ್ಣ ಸರಿಯಾಗಿಯೇ ಕಾಣುತ್ತದೆ, ಆದರೆ ದೋಷವನ್ನು ಮಕ್ಕಳಿಗೆ ದಾಟಿಸಬಲ್ಲಳು. ಇಂಥವಳು ವಾಹಕಿ. ಇಷ್ಟೇ ಪಾಠ. ಚಿತ್ರ ಇಲ್ಲ.

ಅವಸರದಲ್ಲಿರುವವರು ಇಲ್ಲಿ ಒಂದು ಕಣ್ಣಿನ ಚಿತ್ರ ಬರೆದು, "ಚಿತ್ರದಲ್ಲಿರುವ ಅಂಗಕ್ಕೆ ಸಂಬಂಧಿಸಿದ ವರ್ಣಾಂಧತೆಯ ವಂಶವಾಹಿ ಯಾವ ವರ್ಣತಂತುವಿನ ಮೇಲಿದೆ?" ಎಂದು ಕೇಳಿಬಿಡುತ್ತಾರೆ. ಚಿತ್ರದ ಮೇಲೆ ಕೈ ಮುಚ್ಚಿ ಪ್ರಶ್ನೆ ಓದಿ ನೋಡಿ; ಆಗಲೂ ಉತ್ತರ ಬರುತ್ತದೆ. ಹಾಗೆ ಬಂದರೆ ಅದು ಚಿತ್ರದ ಪ್ರಶ್ನೆಯಲ್ಲ, ಜಾಗ ತಿಂದ ಅಲಂಕಾರ. ಇಂಥವು ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಬೇಕಿರುವುದು ಚಿತ್ರ ತೆಗೆದರೆ ಉತ್ತರವೂ ಹೋಗುವಂಥ ಪ್ರಶ್ನೆ.

ಈ ಪಾಠಕ್ಕೆ ಹೊಂದುವ ಚಿತ್ರ ವಂಶಾವಳಿ ನಕ್ಷೆ. ಒಂದು ಮನೆತನದಲ್ಲಿ ಯಾರಿಗೆ ದೋಷವಿದೆ, ಯಾರಿಗಿಲ್ಲ ಎಂಬುದನ್ನು ಗುರುತುಗಳಲ್ಲಿ ತೋರಿಸುವ ನಕ್ಷೆ ಅದು. ಅದರ ಭಾಷೆ ಸರಳ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ದೋಷವಿದ್ದವರ ಗುರುತು ಪೂರ್ತಿ ಕಪ್ಪು, ಇಲ್ಲದವರದು ಖಾಲಿ. ಗಂಡಹೆಂಡಿರ ನಡುವೆ ಅಡ್ಡಗೆರೆ. ಅವರು ರಕ್ತಸಂಬಂಧಿಗಳಾದರೆ ಎರಡು ಅಡ್ಡಗೆರೆ. ಅಲ್ಲಿಂದ ಕೆಳಗಿಳಿಯುವ ಗೆರೆಗೆ ಮಕ್ಕಳು, ಹಿರಿಯರಿಂದ ಕಿರಿಯರಿಗೆ ಎಡದಿಂದ ಬಲಕ್ಕೆ. ಒಂದೊಂದು ತಲೆಮಾರಿಗೆ ಒಂದೊಂದು ಸಾಲು. ಗಂಡೋ ಹೆಣ್ಣೋ ಗೊತ್ತಿಲ್ಲದ ಮಗುವಿಗೆ ವಜ್ರಾಕೃತಿ. ಎಕ್ಸ್‌ ಮೇಲಿನ ದೋಷದ ವಾಹಕಿಗೆ ವೃತ್ತದ ನಡುವೆ ಒಂದು ಚುಕ್ಕಿ. ಒಬ್ಬೊಬ್ಬರು ಒಂದೊಂದು ಗುರುತು ಬಳಸಿ ಗೊಂದಲವಾಗುತ್ತಿದ್ದುದರಿಂದ ಅಮೆರಿಕದ ಅನುವಂಶೀಯ ಸಲಹೆಗಾರರ ಸಂಘವು 1995ರಲ್ಲಿ ಈ ಗುರುತುಗಳಿಗೆ ಒಂದು ಸಮಾನ ಪಟ್ಟಿ ಪ್ರಕಟಿಸಿತು. ಇಷ್ಟು ಗುರುತುಗಳನ್ನು ಸ್ಕೇಲು, ಪೆನ್ಸಿಲ್ಲು, ಒಂದು ನಾಣ್ಯ ಇದ್ದವರು ಯಾರು ಬೇಕಾದರೂ ಬರೆಯಬಹುದು.

ಆದರೆ ಪೆನ್ಸಿಲ್ ಮುಟ್ಟುವ ಮೊದಲು ಉತ್ತರ ಸಿದ್ಧವಾಗಿರಬೇಕು. ನಮ್ಮ ಮನೆತನ ಇದು: ಅಜ್ಜ, ಅಜ್ಜಿ ಇಬ್ಬರಿಗೂ ಬಣ್ಣ ಸರಿಯಾಗಿ ಕಾಣುತ್ತದೆ. ಅವರಿಗೆ ಇಬ್ಬರು ಮಕ್ಕಳು. ಹಿರಿಯ ಮಗ ವರ್ಣಾಂಧ, ಕಿರಿಯ ಮಗಳಿಗೆ ದೋಷವಿಲ್ಲ. ಆ ಮಗಳನ್ನು ದೋಷವಿಲ್ಲದ ಹೊರಗಿನವನೊಬ್ಬನಿಗೆ ಕೊಟ್ಟಿದೆ. ಪ್ರಶ್ನೆ: ಈ ಮಗಳಿಗೆ ಗಂಡುಮಗು ಹುಟ್ಟಿದರೆ, ಅದು ತನ್ನ ಸೋದರಮಾವನಂತೆ ವರ್ಣಾಂಧವಾಗುವ ಸಂಭವ ಎಷ್ಟು?

ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ, ವೈ ಬರುವುದು ತಂದೆಯಿಂದ. ಹಾಗಾಗಿ ಸೋದರಮಾವನ ದೋಷ ಅವನ ತಾಯಿಯಿಂದಲೇ, ಎಂದರೆ ಅಜ್ಜಿಯಿಂದಲೇ ಬಂದಿದೆ. ಅಜ್ಜಿ ವಾಹಕಿ ಎಂಬುದು ಚಿತ್ರದಲ್ಲಿ ಬರೆಯದಿದ್ದರೂ ಹೊರಡುವ ಸತ್ಯ. ಅವಳ ಎರಡು ಎಕ್ಸ್‌ಗಳಲ್ಲಿ ಮಗಳಿಗೆ ಯಾವುದು ಹೋಯಿತೋ ತಿಳಿಯದು. ಮಗಳು ವಾಹಕಿಯಾಗಿರುವ ಸಂಭವ ಅರ್ಧ. ವಾಹಕಿಯೇ ಆಗಿದ್ದರೆ ದೋಷದ ಎಕ್ಸ್ ಅವಳ ಗಂಡುಮಗುವಿಗೆ ಹೋಗುವ ಸಂಭವ ಮತ್ತೆ ಅರ್ಧ. ಅರ್ಧದಲ್ಲಿ ಅರ್ಧ, 1/4. ಇದು ಉತ್ತರ.

ಹೊರಗಿನಿಂದ ಬಂದವನು ಅಳಿಯನೇ ಆಗಿರುವುದಕ್ಕೂ ಕಾರಣವಿದೆ. ಹೊರಗಿನಿಂದ ಸೊಸೆಯನ್ನು ತಂದಿದ್ದರೆ ಅವಳೂ ವಾಹಕಿಯೇ ಎಂಬ ಅನುಮಾನ ಉಳಿಯುತ್ತಿತ್ತು. ವರ್ಣಾಂಧತೆ ಅಪರೂಪದ ದೋಷವೇನಲ್ಲ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಮಂದಿಗೆ ಇದೆ, ಅಂದಮೇಲೆ ಅಲ್ಲಿ ವಾಹಕಿಯರ ಸಂಖ್ಯೆ ಇನ್ನೂ ದೊಡ್ಡದು. ಅಳಿಯನ ವಿಷಯದಲ್ಲಿ ಆ ತಲೆನೋವಿಲ್ಲ. ಅವನಿಗಿರುವ ಎಕ್ಸ್ ಒಂದೇ. ಬಣ್ಣ ಸರಿಯಾಗಿ ಕಂಡರೆ ಅದು ಸರಿಯಾದ ಎಕ್ಸ್.

ಇನ್ನು ಬರೆಯೋಣ. ಮೇಲೆ ಖಾಲಿ ಚೌಕ, ಖಾಲಿ ವೃತ್ತ. ಕೆಳಗೆ ಕಪ್ಪು ಚೌಕ, ಖಾಲಿ ವೃತ್ತ, ಆ ವೃತ್ತಕ್ಕೆ ಜೋಡಿಯಾಗಿ ಖಾಲಿ ಚೌಕ. ಅದರ ಕೆಳಗೆ ಪ್ರಶ್ನಾರ್ಥಕ ಚಿಹ್ನೆ ಇರುವ ಚೌಕ. ಮುಗಿಯಿತು.

ಈಗ ಈ ಚಿತ್ರ ಕೆಡುವುದು ಹೇಗೆ ನೋಡಿ. ಮೇಷ್ಟ್ರಿಗೆ ಪಾಠದಲ್ಲಿ ವಾಹಕಿಯ ಮಾತು ಬಂದದ್ದು ನೆನಪಾಗಿ, ಚಿತ್ರದಲ್ಲೂ ಅದು ಕಾಣಲಿ ಎಂದು ಮಗಳ ವೃತ್ತದ ನಡುವೆ ಒಂದು ಚುಕ್ಕಿ ಇಡುತ್ತಾರೆ. ಆ ಕ್ಷಣಕ್ಕೆ ಮಗಳು ವಾಹಕಿಯಾಗಿರುವುದು ಸಂಭವವಾಗಿ ಉಳಿಯಲಿಲ್ಲ, ಖಚಿತವಾಯಿತು. ಉತ್ತರ 1/4ರಿಂದ 1/2ಕ್ಕೆ ಜಿಗಿಯಿತು. ಉತ್ತರಸೂಚಿಯಲ್ಲಿ ಮಾತ್ರ ಹಳೆಯ 1/4 ಹಾಗೇ ಇರುತ್ತದೆ. ಸರಿಯಾಗಿ ಲೆಕ್ಕ ಹಾಕಿದ ವಿದ್ಯಾರ್ಥಿಗೆ ಅಂಕ ಹೋಗುತ್ತದೆ.

ಚುಕ್ಕಿಗಿಂತ ಮೋಸದ್ದು ಖಾಲಿ ಚೌಕ. ಮೂರನೇ ಸಾಲಿನಲ್ಲಿ ಒಂದೇ ಗುರುತು ಇದ್ದರೆ ಚಿತ್ರ ಬೋಳಾಗಿ ಕಾಣುತ್ತದೆ ಎಂದು, ಪ್ರಶ್ನಾರ್ಥಕದ ಎಡಕ್ಕೆ ದೋಷವಿಲ್ಲದ ಒಬ್ಬ ಅಣ್ಣನನ್ನು ಸೇರಿಸಿದರೆಂದುಕೊಳ್ಳಿ. ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣದು. ಆದರೆ ಆ ಅಣ್ಣ ಸಾಕ್ಷಿ. ಇಂಥ ಸ್ಥಿತಿಯಲ್ಲಿರುವ 100 ತಾಯಂದಿರನ್ನು ಊಹಿಸಿಕೊಳ್ಳಿ. ಅವರಲ್ಲಿ 50 ಮಂದಿ ವಾಹಕಿಯರು, 50 ಮಂದಿ ಅಲ್ಲ. ಎಲ್ಲರಿಗೂ ಮೊದಲು ಒಂದೊಂದು ಗಂಡುಮಗು ಹುಟ್ಟಿತು. ವಾಹಕಿಯರಲ್ಲಿ 25 ಮಂದಿಯ ಮಗನಿಗೆ ಮಾತ್ರ ದೋಷವಿಲ್ಲ. ಉಳಿದ 50 ತಾಯಂದಿರ ಮಕ್ಕಳೆಲ್ಲರೂ ಸರಿ. ದೋಷವಿಲ್ಲದ ಮಗನಿರುವ ತಾಯಂದಿರು ಒಟ್ಟು 75, ಅವರಲ್ಲಿ ವಾಹಕಿಯರು 25. ಹಾಗಾಗಿ ಚಿತ್ರದ ತಾಯಿ ವಾಹಕಿಯಾಗಿರುವ ಸಂಭವ ಅರ್ಧದಿಂದ 1/3ಕ್ಕೆ ಇಳಿಯಿತು, ಮುಂದಿನ ಮಗನಿಗೆ ದೋಷ ಬರುವ ಸಂಭವ 1/6 ಆಯಿತು. ನಾಲ್ಕು ಆಯ್ಕೆಗಳಲ್ಲಿ 1/6 ಇರುವುದೇ ಇಲ್ಲ. ಪಿಯುಸಿ ಮಟ್ಟದಲ್ಲಿ ಈ ಲೆಕ್ಕವನ್ನು ಯಾರೂ ನಿರೀಕ್ಷಿಸುವುದಿಲ್ಲ, ನಿಜ. ಆದರೆ ಅಣ್ಣನನ್ನು ಬರೆದದ್ದು ನಾವೇ ಆದ್ದರಿಂದ ಅವನು ತಂದ ಲೆಕ್ಕಕ್ಕೂ ನಾವೇ ಹೊಣೆ. ಅವನನ್ನು ಅಳಿಸುವುದೇ ಒಳ್ಳೆಯದು. ಬೋಳಾದ ಚಿತ್ರ ಕೆಟ್ಟ ಚಿತ್ರವಲ್ಲ.

ಮೂರನೆಯ ತಪ್ಪು ಚಿತ್ರದಲ್ಲಿಲ್ಲ, ಅದರ ಕೆಳಗಿನ ಸಾಲಿನಲ್ಲಿದೆ. ಇದೇ ನಕ್ಷೆ ಕೊಟ್ಟು, ದೋಷದ ಹೆಸರು ಹೇಳದೆ, "ಇದು ಯಾವ ಬಗೆಯ ಅನುವಂಶೀಯತೆ?" ಎಂದು ಕೇಳಿದರೆ? ಬರೆದವರ ಮನಸ್ಸಿನಲ್ಲಿ ಎಕ್ಸ್-ಸಂಲಗ್ನ ಅಪ್ರಬಲ ಎಂಬ ಉತ್ತರವಿದೆ. ಆದರೆ ದೋಷವಿಲ್ಲದ ತಂದೆತಾಯಿಗೆ ದೋಷವಿರುವ ಮಗ ಹುಟ್ಟುವುದು, ವಂಶವಾಹಿ ಲಿಂಗ ನಿರ್ಧರಿಸದ ಬೇರೆ ವರ್ಣತಂತುಗಳ ಮೇಲೆ ಅಪ್ರಬಲವಾಗಿ ಇದ್ದರೂ ಸಾಧ್ಯ. ಎರಡೂ ಉತ್ತರ ಸರಿ. ಪಠ್ಯ ಓದಿ ಚಿತ್ರ ಬರೆದವರಿಗೆ ಈ ಕುರುಡು ಸಹಜ: ಅವರು ಹೊರಟದ್ದೇ ಉತ್ತರದಿಂದ, ಆದ್ದರಿಂದ ಚಿತ್ರ ಅವರಿಗೆ ಬೇರೆ ಏನನ್ನೂ ಹೇಳುವುದಿಲ್ಲ. ವಿದ್ಯಾರ್ಥಿ ಹೊರಡುವುದು ಚಿತ್ರದಿಂದ.

ಬಗೆಯನ್ನೇ ಕೇಳಬೇಕೆಂಬ ಹಟವಿದ್ದರೆ ಪ್ರಶ್ನೆಯನ್ನು ತಿರುಗಿಸಬೇಕು. ಎರಡನೇ ಸಾಲಿನ ಮಗಳ ವೃತ್ತವನ್ನು ಕಪ್ಪು ಮಾಡಿ, ಅಜ್ಜ ಅಜ್ಜಿಯನ್ನು ಖಾಲಿಯಾಗಿಯೇ ಬಿಡಿ. ಈಗ ಎಕ್ಸ್-ಸಂಲಗ್ನ ಅಪ್ರಬಲ ಎಂಬುದು ತಾನಾಗಿ ಬಿದ್ದುಹೋಗುತ್ತದೆ. ಮಗಳಿಗೆ ದೋಷ ಬರಬೇಕಾದರೆ ಎರಡೂ ಎಕ್ಸ್ ಕೆಟ್ಟಿರಬೇಕು, ಅದರಲ್ಲಿ ಒಂದು ತಂದೆಯದು. ಹಾಗಿದ್ದಿದ್ದರೆ ತಂದೆಯೇ ದೋಷವುಳ್ಳವನಾಗಿರುತ್ತಿದ್ದ. ಅವನ ಚೌಕ ಖಾಲಿ ಇದೆ. ನಕ್ಷೆಯೊಂದು "ಇದು ಅಲ್ಲ" ಎಂದು ಗಟ್ಟಿಯಾಗಿ ಹೇಳಬಲ್ಲದು. "ಇದೇ" ಎಂದು ಎಕ್ಸ್-ಸಂಲಗ್ನ ಅಪ್ರಬಲದ ವಿಷಯದಲ್ಲಿ ಇಷ್ಟು ಚಿಕ್ಕ ನಕ್ಷೆ ಎಂದಿಗೂ ಹೇಳಲಾರದು. ಈ ವ್ಯತ್ಯಾಸ ಗೊತ್ತಿದ್ದವರು ಬರೆದ ಪ್ರಶ್ನೆಯನ್ನು ದೂರದಿಂದಲೇ ಗುರುತಿಸಬಹುದು.

ವರ್ಣಾಂಧತೆಯ ಬದಲು ಹಿಮೋಫೀಲಿಯಾ ಹಾಕಿದರೂ ಅದೇ ತಾನೆ ಎಂದು ಕೇಳಬಹುದು. ಎರಡೂ ಎಕ್ಸ್ ಮೇಲಿನ ಅಪ್ರಬಲ ದೋಷಗಳೇ. ಆದರೆ ಹಿಮೋಫೀಲಿಯಾದಲ್ಲಿ ವಂಶವಾಹಿ ಹೊಸದಾಗಿ ಕೆಡುವುದು ಸಾಕಷ್ಟು ಸಾಮಾನ್ಯ. ಒಬ್ಬ ಮಗನಿಗೆ ರೋಗವಿದೆ ಎಂದ ಮಾತ್ರಕ್ಕೆ ತಾಯಿ ವಾಹಕಿ ಎನ್ನಲಾಗದು. ವಿಕ್ಟೋರಿಯಾ ರಾಣಿಯ ಹಿರಿಯರಲ್ಲಿ ಈ ರೋಗದ ದಾಖಲೆಯಿಲ್ಲ. ಅವಳ ಮಗ ಲಿಯೊಪಾಲ್ಡ್‌ಗೆ ಅದು ಇತ್ತು, ಆಲಿಸ್ ಮತ್ತು ಬಿಯಾಟ್ರಿಸ್ ಎಂಬ ಇಬ್ಬರು ಹೆಣ್ಣುಮಕ್ಕಳ ಮೂಲಕ ಅದು ರಷ್ಯಾ, ಸ್ಪೇನ್ ಅರಮನೆಗಳಿಗೆ ಹೋಯಿತು. ಅಲ್ಲಿ ವಿಕ್ಟೋರಿಯಾ ವಾಹಕಿ ಎಂಬುದು ಖಚಿತವಾದದ್ದು ಮಗನೊಬ್ಬನಿಂದಲ್ಲ, ಹೆಣ್ಣುಮಕ್ಕಳ ಸಂತತಿಯಲ್ಲೂ ರೋಗ ಕಂಡಿದ್ದರಿಂದ. ಒಬ್ಬನೇ ರೋಗಿ ಇರುವ ಚಿಕ್ಕ ನಕ್ಷೆಗೆ ಹಿಮೋಫೀಲಿಯಾ ಹೊಂದುವುದಿಲ್ಲ.

ನಮ್ಮ ಕಡೆಯ ಮನೆತನ ಬರೆಯುವಾಗ ಇನ್ನೊಂದು ಮಾತಿದೆ. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇಂದಿಗೂ ಇದೆ. ವಿದೇಶಿ ಪುಸ್ತಕಗಳ ನಕ್ಷೆಗಳಲ್ಲಿ ದಂಪತಿ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರುತ್ತಾರೆ. ಇಲ್ಲಿ ಗಂಡ ಎರಡನೇ ಸಾಲಿನವನು, ಹೆಂಡತಿ ಮೂರನೇ ಸಾಲಿನವಳು. ಅವರಿಬ್ಬರನ್ನು ಸೇರಿಸುವ ಜೋಡಿಗೆರೆಯನ್ನು ಓರೆಯಾಗಿ ಎಳೆಯಬೇಕು. ಹುಡುಗಿಯನ್ನು ಮೇಲಿನ ಸಾಲಿಗೆ ಎತ್ತಿಟ್ಟರೆ ಅವಳು ಮಾವನಿಗೆ ತಂಗಿಯಂತೆ ಕಾಣುತ್ತಾಳೆ. ನಮ್ಮ ನಕ್ಷೆಯ ವರ್ಣಾಂಧ ಮಾವನೇ ದೋಷವಿಲ್ಲದ ಸೋದರಸೊಸೆಯನ್ನು ಮದುವೆಯಾದರೆ ಅವರ ಮಗಳೂ ವರ್ಣಾಂಧಳಾಗಬಹುದು, ಏಕೆಂದರೆ ತಂದೆಯಿಂದ ಕೆಟ್ಟ ಎಕ್ಸ್ ಬರುವುದು ಖಂಡಿತ, ತಾಯಿಯಿಂದಲೂ ಬರುವ ಸಾಧ್ಯತೆ ಇದೆ. ಪಾಠದಲ್ಲಿ ಒಂದೂ ಸಾಲಿಲ್ಲದ ವಿಷಯವನ್ನು ಓದುಗ ಮಗು ತನ್ನ ಊರಿನ ನೆಂಟಸ್ತಿಕೆಯಿಂದ ಅರ್ಥಮಾಡಿಕೊಳ್ಳುವ ಪ್ರಶ್ನೆ ಇದು. ನನಗೆ ಇಷ್ಟವಾದದ್ದು.

ಆಯ್ಕೆಗಳನ್ನು ಬರೆಯುವಾಗ ಸುಮ್ಮನೆ ನಾಲ್ಕು ಭಿನ್ನರಾಶಿ ತುಂಬುವುದು ದಂಡ. ಒಂದೊಂದು ತಪ್ಪು ಆಯ್ಕೆಯೂ ಒಂದೊಂದು ತಪ್ಪು ನೋಟದ ಫಲವಾಗಿರಬೇಕು. ತಂದೆತಾಯಿ ಇಬ್ಬರೂ ಸರಿಯಿದ್ದಾರೆ, ದೋಷ ಬರಲಾರದು ಎಂದುಕೊಂಡವನು ಸೊನ್ನೆ ಆರಿಸುತ್ತಾನೆ. ಮಗಳು ವಾಹಕಿಯೇ ಎಂದು ನಿಶ್ಚಯಿಸಿದವನು 1/2. ಹುಟ್ಟುವುದು ಗಂಡುಮಗು ಎಂದು ಪ್ರಶ್ನೆಯೇ ಹೇಳಿದ್ದನ್ನು ಮರೆತು ಮತ್ತೊಮ್ಮೆ ಅರ್ಧಮಾಡಿದವನು 1/8. ಉತ್ತರಪತ್ರಿಕೆ ನೋಡಿದಾಗ ಮಗು ಎಲ್ಲಿ ಎಡವಿತು ಎಂಬುದು ಆಯ್ಕೆಯಿಂದಲೇ ತಿಳಿಯುತ್ತದೆ. ಆದರೆ ಇದಕ್ಕಾಗಿ ಮೂರನೇ ಸಾಲಿನಲ್ಲಿ ಚೌಕವೇ ಇರಬೇಕು. ವಜ್ರಾಕೃತಿ ಬರೆದು, ಪ್ರಶ್ನೆಯಲ್ಲಿ "ಮಗು" ಎಂದು ಕೇಳಿದರೆ 1/8 ಸರಿಯುತ್ತರವಾಗುತ್ತದೆ.

ಅಚ್ಚುಮನೆಯಲ್ಲೂ ಅಪಾಯವಿದೆ. ಪ್ರಶ್ನೆಪತ್ರಿಕೆಗಳು ಸಾಮಾನ್ಯವಾಗಿ ಒಂದೇ ಬಣ್ಣದ ಶಾಯಿಯಲ್ಲಿ, ಕಡಿಮೆ ದರ್ಜೆಯ ಕಾಗದದ ಮೇಲೆ ಬರುತ್ತವೆ. ದೋಷವಿದ್ದವರಿಗೆ ಕಪ್ಪು, ವಾಹಕಿಗೆ ಬೂದು ಎಂದು ಕಂಪ್ಯೂಟರಿನಲ್ಲಿ ಅಂದವಾಗಿ ತುಂಬಿದ್ದು ಝೆರಾಕ್ಸ್ ಆಗಿ ಬರುವಷ್ಟರಲ್ಲಿ ಎರಡೂ ಕಪ್ಪಾಗಿರುತ್ತವೆ. ಕೆಂಪು ಹಸಿರು ಬಣ್ಣ ಬಳಸಿದರಂತೂ ತರಗತಿಯಲ್ಲಿರುವ ವರ್ಣಾಂಧ ಹುಡುಗನಿಗೇ ಆ ಪ್ರಶ್ನೆ ಓದಲಾಗುವುದಿಲ್ಲ. ಖಾಲಿ ಮತ್ತು ಪೂರ್ತಿ ಕಪ್ಪು, ಇವೆರಡರಲ್ಲೇ ಕೆಲಸ ಮುಗಿಸಿ, ಗುರುತುಗಳ ಅರ್ಥವನ್ನು ಪಕ್ಕದಲ್ಲಿ ಚಿಕ್ಕ ಚೌಕಟ್ಟಿನಲ್ಲಿ ಕೊಡುವುದು ಕ್ಷೇಮ.

ಬರೆಯುವ ಅನುಕೂಲವೇ ಇಲ್ಲದಾಗ ಮಾತಿನ ಚಿತ್ರ ಬರುತ್ತದೆ. ಡಿಟಿಪಿ ಮಾಡುವವರಿಗೆ ಚಿತ್ರ ಹೇಗಿರಬೇಕೆಂದು ಬರೆದುಕೊಡುವಾಗಲೂ ಬೇಕಾದದ್ದು ಇದೇ. ಹೆಚ್ಚಿನವರು "ತಾಯಿಯಿಂದ ಮಗನಿಗೆ ವರ್ಣಾಂಧತೆ ಬಂದಿರುವ ಕುಟುಂಬದ ನಕ್ಷೆ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದರಲ್ಲಿ ಚಿತ್ರವೇ ಇಲ್ಲ, ಉತ್ತರದ ಅರ್ಧ ಇದೆ. ವಿವರಣೆ ಹೀಗಿರಬೇಕು:

"ನಕ್ಷೆಯಲ್ಲಿ ಮೂರು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ಎಡಕ್ಕೆ ಖಾಲಿ ಚೌಕ, ಬಲಕ್ಕೆ ಖಾಲಿ ವೃತ್ತ. ನಡುವೆ ಒಂದು ಅಡ್ಡಗೆರೆ. ಈ ಜೋಡಿಗೆ ಎರಡನೇ ಸಾಲಿನಲ್ಲಿ ಇಬ್ಬರು ಮಕ್ಕಳು: ಎಡಕ್ಕೆ ಕಪ್ಪು ಚೌಕ, ಬಲಕ್ಕೆ ಖಾಲಿ ವೃತ್ತ. ಆ ವೃತ್ತದ ಬಲಕ್ಕೆ, ಒಂದು ಅಡ್ಡಗೆರೆಯಿಂದ ಸೇರಿಸಿದ ಖಾಲಿ ಚೌಕವಿದೆ. ಅದಕ್ಕೆ ಮೇಲಿನಿಂದ ಗೆರೆಯಿಲ್ಲ. ಈ ಜೋಡಿಗೆ ಮೂರನೇ ಸಾಲಿನಲ್ಲಿ ಒಂದೇ ಮಗು: ಪ್ರಶ್ನಾರ್ಥಕ ಚಿಹ್ನೆ ಇರುವ ಚೌಕ."

ಇದರಲ್ಲಿ ವಾಹಕಿ ಎಂಬ ಮಾತಿಲ್ಲ, ಕಾರಣವಿಲ್ಲ, ತೀರ್ಮಾನವಿಲ್ಲ. ಕಣ್ಣಿಗೆ ಕಾಣುವುದಷ್ಟೇ ಇದೆ. "ಮೇಲಿನಿಂದ ಗೆರೆಯಿಲ್ಲ" ಎಂಬ ಎರಡು ಪದ ಬಿಟ್ಟರೆ ಅಳಿಯನೂ ಆ ಮನೆಯ ಮಗನಾಗಿಬಿಡುತ್ತಾನೆ. ವಿವರಣೆ ಸರಿಯಿದೆಯೇ ಎಂದು ತಿಳಿಯುವ ಉಪಾಯ ಸುಲಭ. ಅದನ್ನು ಮಾತ್ರ ಒಬ್ಬ ಸಹೋದ್ಯೋಗಿಗೆ ಓದಿ ಹೇಳಿ, ಅವರು ಕೇಳಿದಂತೆ ಬರೆಯಲಿ. ಅವರ ಹಾಳೆಯ ನಕ್ಷೆ ನಿಮ್ಮ ನಕ್ಷೆಗೆ ಹೊಂದದಿದ್ದರೆ ತಪ್ಪು ವಿವರಣೆಯದು.

ದೃಷ್ಟಿದೋಷವಿರುವ ಅಭ್ಯರ್ಥಿಗಳಿಗೆ ಸಿಬಿಎಸ್‌ಇ ಪತ್ರಿಕೆಗಳಲ್ಲಿ ಚಿತ್ರದ ಪ್ರಶ್ನೆಗೆ ಬದಲಿಯಾಗಿ ಬೇರೊಂದು ಪ್ರಶ್ನೆ ಕೊಡುವ ಪದ್ಧತಿ ಇದೆ. ಕೆಲವು ಚಿತ್ರಗಳಿಗೆ ಅದು ಅನಿವಾರ್ಯ. ವಂಶಾವಳಿಗೆ ಅದರ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಮೇಲಿನ ವಿವರಣೆಯನ್ನು ಲಿಪಿಕಾರರು ನಿಧಾನವಾಗಿ ಎರಡು ಸಲ ಓದಿದರೆ ಕಣ್ಣು ಕಾಣದ ವಿದ್ಯಾರ್ಥಿಯೂ ಅದೇ ಲೆಕ್ಕವನ್ನು ಮಾಡಬಲ್ಲ. ಬದಲಿ ಪ್ರಶ್ನೆ ಹೆಚ್ಚಾಗಿ ವ್ಯಾಖ್ಯಾನ ಕೇಳುವ ಸುಲಭದ ಪ್ರಶ್ನೆಯಾಗಿ ಇಳಿಯುತ್ತದೆ. ಅದು ಆ ವಿದ್ಯಾರ್ಥಿಗೆ ಮಾಡಿದ ಉಪಕಾರವಲ್ಲ.

ವಂಶಾವಳಿ ಇಷ್ಟು ಸಲೀಸಾಗಿ ಒಗ್ಗುವುದು ಅದು ಮೊದಲಿನಿಂದಲೂ ಗುರುತುಗಳ ಚಿತ್ರವಾಗಿರುವುದರಿಂದ. ಎಲ್ಲವೂ ಹಾಗಲ್ಲ. ಈರುಳ್ಳಿ ಬೇರಿನ ತುದಿಯ ಕೋಶವಿಭಜನೆಯನ್ನು ನೆನೆಯಿರಿ. ಮೇಷ್ಟ್ರು ತಮ್ಮ ನೆನಪಿನಿಂದ ಒಂದು ಕೋಶ ಬರೆದು, ಎರಡು ತುದಿಗೂ ನಾಲ್ಕು ನಾಲ್ಕು ವರ್ಣತಂತು ಎಳೆದು, ಕೆಳಗೆ "ಈರುಳ್ಳಿ ಬೇರಿನ ತುದಿ" ಎಂದು ಬರೆಯುತ್ತಾರೆ. ಈರುಳ್ಳಿಯ ಕೋಶದಲ್ಲಿ ವರ್ಣತಂತುಗಳು 16. ಆ ಹಂತದಲ್ಲಿ ಒಂದೊಂದು ತುದಿಗೂ 16 ಇರಬೇಕು. ನಾಲ್ಕೇ ಎಳೆಯುವುದಾದರೆ ಈರುಳ್ಳಿಯ ಹೆಸರು ತೆಗೆದು "ನಾಲ್ಕು ವರ್ಣತಂತುಗಳಿರುವ ಒಂದು ಕಾಲ್ಪನಿಕ ಕೋಶ" ಎನ್ನಬೇಕು. ಅಷ್ಟಾದ ಮೇಲೂ ಒಂದು ಕೊರತೆ ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಕಾಣುವ ನಿಜವಾದ ಕೋಶಗಳು ಒಂದರ ಮೇಲೊಂದು ಬಿದ್ದು, ಬಣ್ಣ ಮಸುಕಾಗಿ, ಹಂತ ಯಾವುದೆಂದು ಅನುಮಾನ ಹುಟ್ಟಿಸುತ್ತವೆ. ಆ ಅನುಮಾನ ಬಿಡಿಸುವುದೇ ಅಲ್ಲಿನ ಕೌಶಲ. ಬರೆದ ಚಿತ್ರದಲ್ಲಿ ಮೇಷ್ಟ್ರು ಅದನ್ನು ಮೊದಲೇ ಬಿಡಿಸಿಟ್ಟಿರುತ್ತಾರೆ; ವಿದ್ಯಾರ್ಥಿಗೆ ಉಳಿಯುವುದು ಹೆಸರು ನೆನಪಿಸಿಕೊಳ್ಳುವ ಕೆಲಸ ಮಾತ್ರ.

ಆದ್ದರಿಂದ ಪತ್ರಿಕೆ ತಯಾರಿಸುವವರಲ್ಲಿ ಒಂದು ವಿನಂತಿ. ವಂಶಾವಳಿ, ಆಹಾರ ಸರಪಳಿ, ನಕ್ಷೆ ಕಾಗದದ ಮೇಲಿನ ವಕ್ರರೇಖೆ, ಇಂಥವನ್ನು ಧೈರ್ಯವಾಗಿ ನೀವೇ ಬರೆಯಿರಿ, ಬರೆದ ಚಿತ್ರದಿಂದಲೇ ಉತ್ತರವನ್ನು ಮತ್ತೊಮ್ಮೆ ಹೊರಡಿಸಿ ಉತ್ತರಸೂಚಿಗೆ ಹಾಕಿ. ಕೋಶ, ಅಂಗಾಂಶಗಳ ಪಾಠಕ್ಕೆ ನಿಜವಾದ ಸ್ಲೈಡಿನ ಫೋಟೊ ಸಿಗದಿದ್ದರೆ, ಆ ಅಂಕಗಳನ್ನು ನೀಲನಕ್ಷೆ ರೂಪಿಸಿದವರಿಗೆ ಹೇಳಿ ಬೇರೆ ಪಾಠಕ್ಕೆ ವರ್ಗಾಯಿಸಿಕೊಳ್ಳಿ.